ಶಿಬಿರ ಮುಗಿದ ಮೇಲೆ ಧನ್ಯವಾದ: ಯಾರು ಎಷ್ಟು ಹೊತ್ತು, ಏನು ಮಾಡಿದರು?

*ಸರ್, ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಶಾಲೆಯಲ್ಲಿ ದಸರಾ ರಜೆಯಲ್ಲಿ ಶನಿವಾರ, ಭಾನುವಾರ ಎರಡು ದಿನ ಉಚಿತ ಕಣ್ಣಿನ ತಪಾಸಣೆ ಶಿಬಿರ ಮಾಡಿದೆವು. ಸುಮಾರು 400 ಜನ ಬಂದರು. 31 ಜನ ಸ್ವಯಂಸೇವಕರು ದುಡಿದರು. ಅವರಿಗೆ ಧನ್ಯವಾದ ಹೇಳಿ ವಾಟ್ಸಾಪ್ ಕಳಿಸಬೇಕು, ಅದರಲ್ಲಿ ಅವರು ಕೊಟ್ಟ ಗಂಟೆ, ಮಾಡಿದ ಕೆಲಸ ಇರಲಿ ಅಂತ ಸಮಿತಿಯವರು ಹೇಳಿದ್ದಾರೆ. ಹಾಜರಿ ಪುಸ್ತಕ ಇದೆ, ಆದರೆ ಅರ್ಧ ಜನ ಹೋಗುವಾಗ ಸಹಿ ಮಾಡಿಲ್ಲ. ಕಾಲೇಜು ಮಕ್ಕಳು ಬೇರೆ ಎನ್‌ಎಸ್‌ಎಸ್‌ಗೆ ಗಂಟೆ ಬರೆದುಕೊಡಿ ಅಂತಿದ್ದಾರೆ. ಎಲ್ಲರಿಗೂ ಸೇರಿಸಿ ಗ್ರೂಪಿನಲ್ಲಿ ಒಂದೇ ಸಂದೇಶ ಹಾಕಿದರೆ ಸಾಕಾ?*

ಸಾಲದು. ಎರಡು ಬಾರಿ ಬರೆಯಬೇಕು. ಗ್ರೂಪಿಗೆ ಚಿಕ್ಕದೊಂದು, ಇವತ್ತೇ. ಅದರಲ್ಲಿ ಯಾರ ಗಂಟೆಯೂ ಬೇಡ, ಯಾರ ಹೆಸರೂ ಬೇಡ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ, ಒಂದು ವಾರದೊಳಗೆ. ಗಂಟೆ, ಕೆಲಸ ಎರಡೂ ಈ ಎರಡನೆಯದರಲ್ಲಿ ಬರಲಿ.

ಹೀಗೆ ಒಡೆಯುವುದಕ್ಕೆ ಕಾರಣ ಇದೆ. ಗಂಟೆ ಸರಿಯಾಗಿ ಲೆಕ್ಕ ಹಾಕಲು ಎರಡು ಮೂರು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ "ಕೆಲಸ ಆದ ಮೇಲೆ ಒಂದು ಮಾತೂ ಇಲ್ಲ" ಅಂತ ಊರಲ್ಲಿ ಆಗಲೇ ಆಡಿಕೊಳ್ಳುತ್ತಿರುತ್ತಾರೆ. ಅವಸರದಲ್ಲಿ ಗಂಟೆ ಹಾಕಿದರೆ ತಪ್ಪುತ್ತದೆ. ತಪ್ಪು ಗಂಟೆ ಹಾಕುವುದಕ್ಕಿಂತ ಹಾಕದೇ ಇರುವುದೇ ವಾಸಿ.

ಗ್ರೂಪಿನ ಪಟ್ಟಿ ಏಕೆ ಬೇಡ ಅನ್ನುವುದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷದ ಹಿಂದೆ ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿ ಇಂಥದ್ದೇ ಕಣ್ಣಿನ ಶಿಬಿರ. 26 ಜನ ಸ್ವಯಂಸೇವಕರು. ನಾನು ಬಲು ಜಾಣನಂತೆ ಎಲ್ಲರ ಹೆಸರು, ಎದುರಿಗೆ ಗಂಟೆ ಬರೆದು, ಜಾಸ್ತಿ ಇದ್ದವರನ್ನು ಮೇಲೆ, ಕಡಿಮೆ ಇದ್ದವರನ್ನು ಕೆಳಗೆ ಇಟ್ಟು ಗ್ರೂಪಿಗೆ ಹಾಕಿದೆ. ಕೊನೆಯ ಹೆಸರು ಒಬ್ಬ ಟೆಂಪೋ ಓಡಿಸುವವನದು. ಎದುರಿಗೆ 2 ಗಂಟೆ. ಆ ಎರಡು ಗಂಟೆ ಯಾವುದು ಗೊತ್ತಾ? ಎರಡನೇ ದಿನ ಮಧ್ಯಾಹ್ನ ಕರೆಂಟ್ ಹೋಗಿ ಕಣ್ಣು ನೋಡುವ ಯಂತ್ರ ನಿಂತಿತು. ಸಾಲಿನಲ್ಲಿ ಎಪ್ಪತ್ತು ಎಂಬತ್ತು ಜನ. ಇವನು ತನ್ನ ಬಾಡಿಗೆ ಬಿಟ್ಟು ಪಕ್ಕದೂರಿಗೆ ಹೋಗಿ ಮದುವೆ ಮನೆಯಿಂದ ಜನರೇಟರ್ ಹೊತ್ತು ತಂದ. ನನ್ನ ಪಟ್ಟಿಯಲ್ಲಿ ಅವನು 26ನೆಯವನು. ಅವನು ಏನೂ ಅನ್ನಲಿಲ್ಲ. ಮಾರನೇ ವರ್ಷ ಕರೆದಾಗ "ನನ್ನಂಥವನು ಯಾಕೆ ಸರ್, ಜಾಸ್ತಿ ಹೊತ್ತು ಇರೋರನ್ನ ಕರೀರಿ" ಅಂದ. ಅಷ್ಟೇ.

ಗಂಟೆ ಅನ್ನುವುದು ಅವರು ಏನು ಬಿಟ್ಟು ಬಂದರು ಅನ್ನುವುದರ ಲೆಕ್ಕ. ಕೆಲಸ ಅನ್ನುವುದು ನಾವು ಏನು ಕಂಡೆವು ಅನ್ನುವುದರ ಲೆಕ್ಕ. ಎರಡನ್ನೂ ಬೇರೆ ಬೇರೆ ಕಡೆಯಿಂದ ತರಬೇಕು.

ಈಗ ನಿಮ್ಮ ಹಾಜರಿ ಪುಸ್ತಕಕ್ಕೆ ಬರೋಣ. ಹೋಗುವಾಗ ಸಹಿ ಇಲ್ಲ ಅಂದರೆ ಗಾಬರಿ ಬೇಡ, ಎಲ್ಲ ಕಡೆಯೂ ಇದೇ ಕಥೆ. ಬೆಳಗ್ಗೆ ಬಂದಾಗ ಮೇಜಿನ ಹತ್ತಿರ ಯಾರೋ ಕೂತು ಸಹಿ ಹಾಕಿಸುತ್ತಾರೆ. ಸಂಜೆ ಆ ಮೇಜನ್ನೇ ಎತ್ತಿ ಒಳಗೆ ಇಟ್ಟಿರುತ್ತಾರೆ. ಹೊರಟ ಸಮಯ ಬೇರೆ ಕಾಗದಗಳಲ್ಲಿ ಅಡಗಿರುತ್ತದೆ, ಅಲ್ಲಿಂದ ತೆಗೆಯಬೇಕು. ಟೋಕನ್ ಬರೆದ ಪುಸ್ತಕದಲ್ಲಿ ಯಾರ ಕೈಬರಹ ಎಲ್ಲಿಗೆ ನಿಂತಿದೆ ನೋಡಿ. ಶಿಬಿರದ ಫೋಟೋ ತೆಗೆದವರ ಫೋನಿನಲ್ಲಿ ಫೋಟೋದ ವಿವರ ತೆರೆದರೆ ತೆಗೆದ ಹೊತ್ತು ಕಾಣುತ್ತದೆ. ಆದರೆ ವಾಟ್ಸಾಪ್‌ನಲ್ಲಿ ಬಂದ ಪ್ರತಿಯನ್ನು ನಂಬಬೇಡಿ, ಅದರಲ್ಲಿ ಬಂದು ಇಳಿದ ಹೊತ್ತು ಇರುತ್ತದೆ, ತೆಗೆದ ಹೊತ್ತಲ್ಲ. ಆಸ್ಪತ್ರೆಯ ಬಸ್ಸು ಎಷ್ಟಕ್ಕೆ ಹೊರಟಿತು ಅನ್ನುವುದು ಹತ್ತು ಜನಕ್ಕೆ ನೆನಪಿರುತ್ತದೆ. "ಬಸ್ಸು ಹೋದಾಗ ಅವಳು ಇದ್ದಳಾ?" ಅಂತ ಕೇಳಿದರೆ ಉತ್ತರ ಸಿಗುತ್ತದೆ. "ಅವಳು ಎಷ್ಟಕ್ಕೆ ಹೋದಳು?" ಅಂದರೆ ಯಾರಿಗೂ ನೆನಪಿರುವುದಿಲ್ಲ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಬ್ಬ ಡಿಗ್ರಿ ಕಾಲೇಜು ಹುಡುಗಿ ಅಂದುಕೊಳ್ಳಿ. ಶನಿವಾರ ಬಂದದ್ದು 8:10, ಸಹಿ ಇದೆ. ಹೊರಟದ್ದಕ್ಕೆ ಸಹಿ ಇಲ್ಲ. ಟೋಕನ್ ಪುಸ್ತಕದಲ್ಲಿ ಕೊನೆಯ ಪುಟದವರೆಗೂ ಅವಳ ಕೈಬರಹ. ನೋಂದಣಿ ಮುಚ್ಚಿದ್ದು 4:30ಕ್ಕೆ. ಹಾಗಾಗಿ 8 ಗಂಟೆ 20 ನಿಮಿಷ. ಊಟಕ್ಕೆ ಅರ್ಧ ಗಂಟೆ ಕಳೆಯಿರಿ. 7 ಗಂಟೆ 50 ನಿಮಿಷ ಉಳಿಯಿತು. ಹತ್ತಿರದ ಅರ್ಧ ಗಂಟೆಗೆ ತಂದರೆ 8. ಭಾನುವಾರ 8:00ಕ್ಕೆ ಬಂದು 1:30ಕ್ಕೆ ಹೋದಳು, ಎರಡಕ್ಕೂ ಸಹಿ ಇದೆ. ಐದೂವರೆ, ಊಟ ಕಳೆದು 5. ಒಟ್ಟು 13 ಗಂಟೆ.

ಊಟದ ಅರ್ಧ ಗಂಟೆ ಕಳೆಯಬೇಕಾ ಬೇಡವಾ ಅನ್ನುವುದು ನಿಮಗೆ ಬಿಟ್ಟದ್ದು. ಕಳೆದರೆ ಎಲ್ಲರಿಗೂ ಕಳೆಯಿರಿ, ಬಿಟ್ಟರೆ ಎಲ್ಲರಿಗೂ ಬಿಡಿ. ನಿಮಿಷದ ಲೆಕ್ಕ ಬೇಡ. "7 ಗಂಟೆ 50 ನಿಮಿಷ" ಅಂತ ಬರೆದರೆ ಧನ್ಯವಾದ ಹೋಗಿ ಕೂಲಿ ಚೀಟಿ ಆಗುತ್ತದೆ. 31 ಜನದ್ದನ್ನು ಎಕ್ಸೆಲ್ ಶೀಟಿನಲ್ಲಿ ಹಾಕುವುದಾದರೆ ಬಂದ ಹೊತ್ತು B, ಹೊರಟ ಹೊತ್ತು C ಕಾಲಮ್ಮಿನಲ್ಲಿಟ್ಟು, ಊಟದ ಅರ್ಧ ಗಂಟೆ ಕಳೆಯುವುದಾದರೆ ಇದನ್ನು ಬಳಸಿ:

```
=MROUND((C2-B2)*24-0.5,0.5)
```

ಸಂಜೆ ನಾಲ್ಕೂವರೆಯನ್ನು 16:30 ಅಂತಲೇ ಹಾಕಬೇಕು. ಸುಮ್ನೆ 4:30 ಅಂತ ಹಾಕಿದರೆ ಶೀಟು ಅದನ್ನು ಬೆಳಗಿನ ಜಾವ ಅಂದುಕೊಳ್ಳುತ್ತದೆ. ಲೆಕ್ಕ ಉಲ್ಟಾ ಆಗಿ `#NUM!` ಅಂತ ತೋರಿಸುತ್ತದೆ. ಅದು ಕಂಡರೆ ಹೊತ್ತು ಹಾಕಿದ್ದರಲ್ಲಿ ತಪ್ಪಿದೆ ಅಂತ ತಿಳಿಯಿರಿ.

ಎಲ್ಲೂ ಸುಳಿವು ಸಿಗದಿದ್ದರೆ ಅವರನ್ನೇ ಕೇಳಿ. "ಎಷ್ಟು ಗಂಟೆ ಇದ್ದೆ?" ಅಂತಲ್ಲ. "ನಮ್ಮ ಪುಸ್ತಕದ ಪ್ರಕಾರ ಶನಿವಾರ 8ರಿಂದ ನಾಲ್ಕೂವರೆ ತನಕ ಇದ್ದಿರಿ ಅಂತ ಬರ್ಕೊಂಡಿದ್ದೀವಿ, ಸರಿನಾ?" ಅಂತ. ಜನ ಜಾಸ್ತಿ ಹೇಳಿಬಿಡುತ್ತಾರೆ ಅನ್ನುವ ಭಯ ಬೇಡ. ನಾನು ನೋಡಿದ ಮಟ್ಟಿಗೆ ದೊಡ್ಡವರು ಕಡಿಮೆ ಹೇಳುತ್ತಾರೆ. "ಅಯ್ಯೋ ಅಷ್ಟೇನಿಲ್ಲ ಬಿಡಿ ಸ್ವಾಮಿ" ಅನ್ನುವುದೇ ಜಾಸ್ತಿ.

ಇನ್ನೊಂದು ದೊಡ್ಡ ತಪ್ಪು ಪುಸ್ತಕದಲ್ಲಿ ಇಲ್ಲದ ಗಂಟೆಗಳದ್ದು. ಎರಡು ದಿನದ ಶಿಬಿರ ಅಂದರೆ ನಿಜದಲ್ಲಿ ನಾಲ್ಕು ದಿನ. ಶುಕ್ರವಾರ ಸಂಜೆ ತರಗತಿಯ ಬೆಂಚು ಹೊರಗೆ ಹಾಕಿದವರು ಯಾರು? ದೃಷ್ಟಿ ಪರೀಕ್ಷೆಯ ಚಾರ್ಟಿಗೆ ಆರು ಮೀಟರ್ ಟೇಪು ಹಿಡಿದು ಸುಣ್ಣದ ಗೆರೆ ಎಳೆದವರು ಯಾರು? ಹಿಂದಿನ ವಾರ ಆಟೋಕ್ಕೆ ಮೈಕ್ ಕಟ್ಟಿಕೊಂಡು ಅಕ್ಕಪಕ್ಕದ ಹಳ್ಳಿ ಸುತ್ತಿದವರು? ಸೋಮವಾರ ಶಾಲೆ ಗುಡಿಸಿ, ಕುರ್ಚಿ ಎಣಿಸಿ, ಬೀಗದ ಕೈ ಕೊಟ್ಟವರು? ಇವರಲ್ಲಿ ಯಾರೂ ಸಹಿ ಮಾಡಿರುವುದಿಲ್ಲ, ಯಾಕೆಂದರೆ ಆಗ ಪುಸ್ತಕವೇ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅಡುಗೆ ಮನೆ. ಒಂಬತ್ತಕ್ಕೆ ಉಪ್ಪಿಟ್ಟು ಬಡಿಸಬೇಕಾದರೆ ಐದಕ್ಕೆ ಒಲೆ ಹಚ್ಚಿರಬೇಕು. ಆ ಹೆಂಗಸರು ಹಿಂದಿನ ಬಾಗಿಲಿಂದ ಬಂದು ಹಿಂದಿನ ಬಾಗಿಲಿಂದಲೇ ಹೋಗಿರುತ್ತಾರೆ. ಸಹಿಯ ಮೇಜು ಇದ್ದದ್ದು ಮುಂದಿನ ಗೇಟಿನಲ್ಲಿ. ಚಿಂತಾಮಣಿ ಕಡೆಯ ಆ ಶಿಬಿರದಲ್ಲಿ ನನ್ನ ಪುಸ್ತಕ 214 ಗಂಟೆ ತೋರಿಸಿತ್ತು. ಮುಂಚಿನ ದಿನ, ಮಾರನೇ ದಿನ, ಅಡುಗೆಮನೆ ಮೂರನ್ನೂ ಸೇರಿಸಿದ ಮೇಲೆ 281 ಆಯಿತು. ಆ 67 ಗಂಟೆಯಲ್ಲಿ ಹೆಚ್ಚಿನದು ಐದು ಜನ ಹೆಂಗಸರದು.

ನಮ್ಮ ಕಡೆ ಹಾಲು ಹಾಕುವ ಹೊತ್ತು ಅಂತ ಒಂದಿದೆ, ಅದನ್ನೂ ಮರೆಯಬೇಡಿ. ಸಂಜೆ ಡೈರಿಗೆ ಹಾಲು ಹಾಕಲು ಅರ್ಧಕ್ಕೆ ಎದ್ದು ಹೋಗಿ, ಮತ್ತೆ ಏಳು ಗಂಟೆಗೆ ಬಂದು ಶಾಮಿಯಾನ ಬಿಚ್ಚಿದವರು ಇರುತ್ತಾರೆ. ಪುಸ್ತಕದಲ್ಲಿ ಅವರು "ನಾಲ್ಕಕ್ಕೇ ಹೋದವರು". ಇಂಥವರದ್ದು ಎರಡು ತುಂಡಾಗಿ ಬರೆದು ಕೂಡಿಸಿ. ಇನ್ನು ರಾತ್ರಿ ಯಂತ್ರ ಕಾಯಲು ಶಾಲೆಯಲ್ಲೇ ಮಲಗಿದವರಿಗೆ ಎಷ್ಟು ಗಂಟೆ? ಒಂಬತ್ತು ಗಂಟೆ ಅಂತ ಹಾಕಿದರೆ "ಮಲಗಿದ್ದಕ್ಕೂ ಗಂಟೆನಾ" ಅನ್ನುವವರು ಹುಟ್ಟುತ್ತಾರೆ. ನಾನು ಗಂಟೆಗೆ ಸೇರಿಸುವುದಿಲ್ಲ. "ಶನಿವಾರ ಒಂದು ರಾತ್ರಿ ಕಾವಲು" ಅಂತ ಬೇರೆಯಾಗಿ ಬರೆಯುತ್ತೇನೆ. ಅದೇ ಹೆಚ್ಚು ತೂಕ.

ಸಂಬಳ ಅಥವಾ ಗೌರವಧನದ ಮೇಲೆ ಬಂದವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಆಸ್ಪತ್ರೆಯ ಸಿಬ್ಬಂದಿ, ಮನೆಮನೆಗೆ ಹೋಗಿ ಹೇಳಿದ ಆಶಾ ಕಾರ್ಯಕರ್ತೆಯರು, ದುಡ್ಡು ಕೊಟ್ಟು ಕರೆಸಿದ ಶಾಮಿಯಾನದವರು. ಅವರಿಗೂ ಧನ್ಯವಾದ ಹೇಳಿ, ಬೇರೆ ಪತ್ರದಲ್ಲಿ ಹೇಳಿ.

ಎನ್‌ಎಸ್‌ಎಸ್ ಮಕ್ಕಳ ವಿಷಯ. ಎನ್‌ಎಸ್‌ಎಸ್ ಸೇರಿದವರು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ತೋರಿಸಬೇಕು. ಹಾಗಾಗಿ ನಿಮ್ಮ 13 ಗಂಟೆ ಅವರಿಗೆ ಬರೀ ಹೊಗಳಿಕೆ ಅಲ್ಲ, ಲೆಕ್ಕಕ್ಕೆ ಬರುವ ಗಂಟೆ. ಇಲ್ಲೇ ಒತ್ತಡ ಬರುವುದು. "ಸಾರ್, 20 ಹಾಕಿಬಿಡಿ ಸಾರ್" ಅಂತಾರೆ. ಹಾಕಬೇಡಿ. ಶಿಬಿರ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಅಂತ ನಿಮ್ಮ ಕರಪತ್ರದಲ್ಲೇ ಇದೆ. ಎರಡು ದಿನಕ್ಕೆ 20 ಹೇಗೆ ಬಂತು ಅಂತ ಕಾಲೇಜಿನ ಕಾರ್ಯಕ್ರಮಾಧಿಕಾರಿ ಒಂದು ನಿಮಿಷದಲ್ಲಿ ಲೆಕ್ಕ ಹಾಕುತ್ತಾರೆ. ಒಬ್ಬರದ್ದು ಸುಳ್ಳು ಅಂತ ಗೊತ್ತಾದರೆ ಉಳಿದವರ ಪತ್ರವನ್ನೂ ಪಕ್ಕಕ್ಕೆ ಇಡುತ್ತಾರೆ. ಒಬ್ಬ ಹುಡುಗ ನಿಜವಾಗಿ ಶುಕ್ರವಾರವೂ ಬಂದು ಬೆಂಚು ಎತ್ತಿದ್ದರೆ ಆ ಮೂರು ಗಂಟೆ ಧಾರಾಳವಾಗಿ ಸೇರಿಸಿ, ದಿನಾಂಕ ಹಾಕಿ ಸೇರಿಸಿ.

ಅವರಿಗೆ ಕೊಡುವ ಪತ್ರ ಧನ್ಯವಾದದ ಸಂದೇಶದಿಂದ ಬೇರೆ ಇರಲಿ. ಸಮಿತಿಯ ಲೆಟರ್‌ಹೆಡ್ಡಿನಲ್ಲಿ, ಸಹಿ ಮೊಹರಿನೊಂದಿಗೆ, ಭಾವನೆ ಇಲ್ಲದೆ: "ಇವರು ನಮ್ಮ ಗ್ರಾಮದ ಸರ್ಕಾರಿ ಶಾಲೆಯಲ್ಲಿ ನಡೆದ ಉಚಿತ ಕಣ್ಣಿನ ತಪಾಸಣೆ ಶಿಬಿರದಲ್ಲಿ ಶನಿವಾರ 8 ಗಂಟೆ, ಭಾನುವಾರ 5 ಗಂಟೆ, ಒಟ್ಟು 13 ಗಂಟೆ ನೋಂದಣಿ ವಿಭಾಗದಲ್ಲಿ ಕೆಲಸ ಮಾಡಿರುತ್ತಾರೆ." ವಾರದ ಜೊತೆ ತಾರೀಖನ್ನೂ ಹಾಕಿ. ವಾಟ್ಸಾಪ್‌ನಲ್ಲಿ ಒಂದು ಸಂಖ್ಯೆ, ಪತ್ರದಲ್ಲಿ ಇನ್ನೊಂದು ಆಗಬಾರದು.

ಈಗ ಕೆಲಸದ ಭಾಗ. ಇಲ್ಲಿ ಎಲ್ಲರೂ ಜಾರುವುದು "ನಿಮ್ಮ ಅಮೂಲ್ಯ ಸೇವೆಗೆ ಹೃತ್ಪೂರ್ವಕ ಧನ್ಯವಾದಗಳು" ಅನ್ನುವ ಕಡೆಗೆ. ಆ ವಾಕ್ಯವನ್ನು ಮದುವೆಗೂ ಹಾಕಬಹುದು, ಬೀಳ್ಕೊಡುಗೆಗೂ ಹಾಕಬಹುದು. ಆ ಮನುಷ್ಯ ಶಿಬಿರಕ್ಕೆ ಬಂದೇ ಇರದಿದ್ದರೂ ಅದನ್ನು ಕಳಿಸಬಹುದಿತ್ತು ಅಲ್ವಾ? ಬರೆದದ್ದನ್ನು ಹೀಗೇ ಪರೀಕ್ಷೆ ಮಾಡಿ. ಇದೇ ಸಾಲನ್ನು ಪಕ್ಕದ ಹೆಸರಿಗೆ ಕಳಿಸಿದರೆ ಅವರಿಗೂ ಒಪ್ಪುತ್ತದಾ? ಒಪ್ಪುತ್ತದೆ ಅಂದರೆ ಇನ್ನೂ ಬರೆದಾಗಿಲ್ಲ.

ಮೂವತ್ತೊಂದು ಜನ ಏನೇನು ಮಾಡಿದರು ಅಂತ ನಿಮಗೊಬ್ಬರಿಗೇ ಗೊತ್ತಿರಲು ಸಾಧ್ಯವಿಲ್ಲ. ನೀವು ಎರಡೂ ದಿನ ಡಾಕ್ಟರ ಹಿಂದೆ, ಕಾರ್ಡು ತಂದವರ ಹಿಂದೆ ಓಡಾಡಿರುತ್ತೀರಿ. ಅದಕ್ಕೆ ನೋಂದಣಿ, ಚಾರ್ಟು, ಸಾಲು, ಊಟ, ಕನ್ನಡಕ, ಹೀಗೆ ಒಂದೊಂದು ಕಡೆ ಮುಂದೆ ನಿಂತು ನಡೆಸಿದವರನ್ನು ಕೂರಿಸಿಕೊಳ್ಳಿ. ಅರ್ಧ ಗಂಟೆ, ಒಂದು ಟೀ. ಹಾಜರಿ ಪುಸ್ತಕ ತೆರೆದು ಒಂದೊಂದು ಹೆಸರು ಓದಿ "ಇವನು ಏನು ಮಾಡಿದ?" ಅಂತ ಕೇಳಿ. "ಚೆನ್ನಾಗಿ ಮಾಡಿದ" ಅಂದರೆ ಬಿಡಬೇಡಿ. "ಒಂದು ಸಂಗತಿ ಹೇಳಿ" ಅನ್ನಿ. ಆಗ ಬರುತ್ತದೆ: "ಹನ್ನೊಂದು ಗಂಟೆಗೆ ಬಿಸಿಲು ಏರಿದಾಗ ಮುದುಕರನ್ನೆಲ್ಲ ಜಗುಲಿಗೆ ಕರ್ಕೊಂಡೋಗಿ ಕೂರಿಸಿದ. ಟೋಕನ್ ನಂಬರ್ ಕೂಗಿ ಕರೆದ, ಯಾರೂ ನಿಲ್ಲಬೇಕಾಗಲಿಲ್ಲ." ಇದು ಸಾಕು. ಇದನ್ನು ಹಾಗೇ ಬರೆದುಕೊಳ್ಳಿ.

ಕಣ್ಣಿನ ಶಿಬಿರದಲ್ಲಿ ಯಾರಿಗೂ ಕಾಣದ ಕೆಲಸ ಒಂದಿದೆ. ಕಣ್ಣಿನ ಪಾಪೆ ಅಗಲ ಮಾಡುವ ಹನಿ ಹಾಕಿದ ಮೇಲೆ ಕೆಲವು ಗಂಟೆ ಹತ್ತಿರದ್ದು ಮಂಜಾಗಿ ಕಾಣುತ್ತದೆ, ಬೆಳಕು ಕುಕ್ಕುತ್ತದೆ. ಅರವತ್ತು ಎಪ್ಪತ್ತರ ಅಜ್ಜಿಯಂದಿರು ಮೆಟ್ಟಿಲು ಕಾಣದೆ, ತಮ್ಮ ಚಪ್ಪಲಿ ಯಾವುದು ಗೊತ್ತಾಗದೆ ಕೂತಿರುತ್ತಾರೆ. ಅವರ ಕೈ ಹಿಡಿದು ಡಾಕ್ಟರ ಕೋಣೆಗೆ, ಬಚ್ಚಲಿಗೆ, ಊಟಕ್ಕೆ, ಕೊನೆಗೆ ಬಸ್‌ಸ್ಟಾಪಿಗೆ ಕರೆದುಕೊಂಡು ಹೋದವರು ಯಾರು ಅಂತ ಹುಡುಕಿ. ಸಾಮಾನ್ಯವಾಗಿ ಪಿಯುಸಿ ಓದುವ ಒಬ್ಬನೋ ಇಬ್ಬರೋ ಇರುತ್ತಾರೆ. ಫೋಟೋದಲ್ಲಿ ಇರುವುದಿಲ್ಲ.

ಚಾರ್ಟಿನ ಹತ್ತಿರ ನಿಂತವರದ್ದೂ ಅಷ್ಟೇ. ಅಕ್ಷರ ಬಾರದವರಿಗೆ ಇಂಗ್ಲಿಷಿನ E ಅಕ್ಷರದ ಚಾರ್ಟು ಇರುತ್ತದೆ. ಅದರ ಬಾಯಿ ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಬೇಕು. ಇದನ್ನು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕು. ಶಿಡ್ಲಘಟ್ಟ, ಬಾಗೇಪಲ್ಲಿ, ಚಿಂತಾಮಣಿ ಕಡೆ ಎಷ್ಟೋ ಮನೆಯಲ್ಲಿ ತೆಲುಗು, ಅದರಲ್ಲೂ ಬಿಡಿಸಿ ಹೇಳಬೇಕು. ಎರಡು ದಿನ ಗಂಟಲು ಕಟ್ಟುವ ತನಕ ಎರಡೂ ಭಾಷೆಯಲ್ಲಿ ಹೇಳಿದ ಹುಡುಗಿಗೆ "ಚಾರ್ಟ್ ವಿಭಾಗದಲ್ಲಿ ಸಹಕರಿಸಿದ್ದೀರಿ" ಅಂತ ಬರೆದರೆ ಏನು ಬಂತು?

ಎಚ್ಚರಿಕೆಯೂ ಬೇಕು. ಈ ಸಂದೇಶ ಒಂದು ಲಿಖಿತ ದಾಖಲೆ. ಹನಿ ಹಾಕುವುದು ಆಸ್ಪತ್ರೆಯವರ ಕೆಲಸ, ಸ್ವಯಂಸೇವಕರದಲ್ಲ. "ನೀವು 150 ಜನಕ್ಕೆ ಹನಿ ಹಾಕಿದಿರಿ" ಅಂತ ಪ್ರೀತಿಯಿಂದ ಬರೆದರೆ, ಅದು ಸುಳ್ಳಾದರೂ ನಾಳೆ ಯಾರಿಗೋ ಕಣ್ಣು ಕೆಂಪಾದಾಗ ಆ ಸಂದೇಶ ಹೊರಗೆ ಬರುತ್ತದೆ. "ಹನಿ ಹಾಕಿಸಿಕೊಂಡು ಬಂದವರನ್ನು ಕೂರಿಸಿ ನೋಡಿಕೊಂಡಿರಿ" ಅಂತ ಬರೆಯಿರಿ, ನಡೆದದ್ದೂ ಅದೇ. ಹಾಗೆಯೇ "ನಿಮ್ಮಿಂದ ಇಷ್ಟು ಜನಕ್ಕೆ ಕಣ್ಣು ಬಂತು" ಅನ್ನಬೇಡಿ. ಪೊರೆ ಇದೆ ಅಂತ ಹೆಸರು ಬರೆಸಿದವರಿಗೆ ಇನ್ನೂ ಆಪರೇಷನ್ ಆಗಿಲ್ಲ, ಅವರಲ್ಲಿ ಕೆಲವರು ಹೋಗುವುದೇ ಇಲ್ಲ. ನೋಡಿಸಿಕೊಳ್ಳಲು ಬಂದವರ ಹೆಸರು, ಅವರಿಗೇನು ತೊಂದರೆ ಅನ್ನುವುದು ಎಲ್ಲೂ ಬರಬಾರದು. "ನಮ್ಮ ಮೇಲಿನ ಬೀದಿ ಅಜ್ಜಿಗೆ" ಅಂದರೂ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಗ್ರೂಪಿಗೆ ಇವತ್ತು ಇಷ್ಟು ಸಾಕು:

"ಎಲ್ಲರಿಗೂ ನಮಸ್ಕಾರ. ಶುಕ್ರವಾರ ಬೆಂಚು ಎತ್ತಿದವರಿಂದ ಹಿಡಿದು ಶಾಲೆ ಗುಡಿಸಿ ಬೀಗದ ಕೈ ಕೊಟ್ಟವರ ತನಕ 31 ಜನ ದುಡಿದಿದ್ದೀರಿ. ಸುಮಾರು 400 ಜನ ಕಣ್ಣು ತೋರಿಸಿಕೊಂಡು ಹೋದರು. ಅಷ್ಟು ಜನದಲ್ಲಿ ಯಾರೂ ಹಸಿದುಕೊಂಡು ಹೋಗಲಿಲ್ಲ. ತುಂಬ ಧನ್ಯವಾದ. ಈ ವಾರ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಬರೆಯುತ್ತೇವೆ."

ಊಟ ಕಡಿಮೆ ಬಿದ್ದಿದ್ದರೆ ಆ ಸಾಲು ತೆಗೆಯಿರಿ. ಎಲ್ಲರೂ ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಟೋಕನ್ ಪುಸ್ತಕದಿಂದ ಸರಿಯಾದ ಸಂಖ್ಯೆ ಸಿಕ್ಕರೆ "ಸುಮಾರು" ತೆಗೆದು ಅದನ್ನೇ ಹಾಕಿ.

ಒಬ್ಬೊಬ್ಬರಿಗೆ ಬರೆಯುವಾಗ ಕೆಲಸ ಮೊದಲು, ಗಂಟೆ ಆಮೇಲೆ. ಗಂಟೆಯಿಂದ ಶುರು ಮಾಡಿದರೆ ರಸೀದಿ ಓದಿದ ಹಾಗಾಗುತ್ತದೆ. ಕಾಲೇಜು ಹುಡುಗಿಗೆ ಹೀಗೆ ಬರೆಯಬಹುದು:

"ನಮಸ್ಕಾರ ಅಮ್ಮ. ಶನಿವಾರ ಬೆಳಗ್ಗೆ ನೋಂದಣಿ ಮೇಜಿನ ಮುಂದೆ ಒಟ್ಟಿಗೆ ಜನ ನುಗ್ಗಿದಾಗ ನೀನು ಊರಿನ ಪ್ರಕಾರ ಎರಡು ಸಾಲು ಮಾಡಿಸಿದೆ. ಆಮೇಲೆ ಸಂಜೆ ತನಕ ಗಲಾಟೆ ಆಗಲಿಲ್ಲ. ಭಾನುವಾರ ನಾವು ಹೇಳುವ ಮೊದಲೇ ನೀನು ಹಾಗೇ ಮಾಡಿಟ್ಟಿದ್ದೆ. ಶನಿವಾರ 8, ಭಾನುವಾರ 5, ಒಟ್ಟು 13 ಗಂಟೆ ನಮ್ಮ ಜೊತೆ ಇದ್ದೆ. ಕಾಲೇಜಿಗೆ ಬೇಕಾದ ಪತ್ರ ರೆಡಿ ಇದೆ, ಗುರುವಾರ ಬಂದು ತಗೊಂಡು ಹೋಗು. ತುಂಬ ಥ್ಯಾಂಕ್ಸ್ ಕಣಮ್ಮ."

ನೀನು ಅನ್ನಬೇಕಾ ನೀವು ಅನ್ನಬೇಕಾ ಅಂತ ಕೆಲವರು ಕೇಳುತ್ತಾರೆ. ಎದುರಿಗೆ ಸಿಕ್ಕಾಗ ಏನು ಅನ್ನುತ್ತೀರೋ ಅದೇ ಇರಲಿ. ಎರಡು ದಿನ "ಬಾರಮ್ಮ ಇಲ್ಲಿ" ಅಂದು, ಸಂದೇಶದಲ್ಲಿ "ತಾವು" ಅಂದರೆ ಅವಳಿಗೆ ನಗು ಬರುತ್ತದೆ. ಕಾಲೇಜಿಗೆ ಕೊಡುವ ಪತ್ರದಲ್ಲಿ ಮಾತ್ರ "ಇವರು".

ಸ್ವಲ್ಪ ಹೊತ್ತು ಬಂದವರಿಗೆ ಒಟ್ಟು ಗಂಟೆ ಬರೆಯಬೇಡಿ, ಗಡಿಯಾರದ ಹೊತ್ತು ಬರೆಯಿರಿ. "2 ಗಂಟೆ" ಅಂದರೆ ಸಣ್ಣದಾಗಿ ಕಾಣುತ್ತದೆ. "ಭಾನುವಾರ ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ, ಕರೆಂಟ್ ಇಲ್ಲದ ಹೊತ್ತಲ್ಲಿ" ಅಂದರೆ ಆ ಎರಡು ಗಂಟೆ ಯಾವುದು ಅಂತ ಗೊತ್ತಾಗುತ್ತದೆ. ನನ್ನ ಟೆಂಪೋದವನಿಗೆ ಬರೆಯಬೇಕಾಗಿದ್ದದ್ದು ಇದು: "ಅಣ್ಣ, ಭಾನುವಾರ ಹನ್ನೆರಡಕ್ಕೆ ಕರೆಂಟ್ ಹೋದಾಗ ನೀವು ಬಾಡಿಗೆ ಬಿಟ್ಟು ಜನರೇಟರ್ ತಂದಿರಿ. ಎರಡಕ್ಕೆ ಯಂತ್ರ ಓಡಿತು. ಇಲ್ಲದಿದ್ದರೆ ಸಾಲಿನಲ್ಲಿದ್ದ ಎಪ್ಪತ್ತು ಎಂಬತ್ತು ಜನ ಹಾಗೇ ವಾಪಸ್ ಹೋಗುತ್ತಿದ್ದರು." ಮೂರು ಸಾಲು ಸಾಕಾಗಿತ್ತು.

ಕೆಲವರ ಬಗ್ಗೆ ಒಂದು ಸಂಗತಿಯೂ ಸಿಗದೇ ಹೋಗುವುದುಂಟು. ಆಗ ಕಟ್ಟಿ ಹೇಳಬೇಡಿ. ಮಾಡಿದ ಕೆಲಸವನ್ನೇ ಅಳತೆಯೊಂದಿಗೆ ಹೇಳಿ: "ಎರಡು ದಿನವೂ ಬೆಳಗ್ಗೆಯಿಂದ ಸಂಜೆ ತನಕ ಗೇಟಿನ ಹತ್ತಿರ ಬೈಕು, ಆಟೋ ನಿಲ್ಲಿಸುವ ಕೆಲಸ ನಿಮ್ಮದೇ. ಆಸ್ಪತ್ರೆ ಬಸ್ಸು ಬಂದಾಗ ದಾರಿ ಖಾಲಿ ಇತ್ತು." ಹೊಗಳಿಕೆ ಇಲ್ಲ, ಆದರೆ ನೋಡಿದ್ದೇವೆ ಅನ್ನುವುದು ಇದೆ.

ಅಡುಗೆ ಮನೆಯವರಿಗೆ ಬರೆಯಲೇಬೇಡಿ ಅನ್ನುತ್ತೇನೆ. ಐದು ಜನ ಇದ್ದರೆ ಐದು ಮನೆಗೂ ಹೋಗಿ. ಓದಲು ಬಾರದವರ ಸಂದೇಶವನ್ನು ಮಗನೋ ಸೊಸೆಯೋ ಓದುತ್ತಾರೆ, ಅವರ ಕಿವಿಗೆ ಅರ್ಧವೇ ಬೀಳುತ್ತದೆ. ದೂರ ಇದ್ದರೆ ಅವರ ಮನೆಮಾತಿನಲ್ಲೇ, ತೆಲುಗಾದರೆ ತೆಲುಗಿನಲ್ಲಿ, ವಾಯ್ಸ್ ಮೆಸೇಜ್ ಹಾಕಿ. "ಅಕ್ಕ, ಎರಡು ದಿನವೂ ಐದಕ್ಕೇ ಬಂದು ಒಲೆ ಹಚ್ಚಿದ್ರಿ. ಭಾನುವಾರ ಜನ ಜಾಸ್ತಿ ಆದಾಗ ಮತ್ತೆ ಹತ್ತು ಸೇರು ಅಕ್ಕಿ ಹಾಕಿ ಬೇಯಿಸಿದ್ರಿ. ಲೆಕ್ಕ ಹಾಕಿದ್ರೆ ಒಬ್ಬೊಬ್ರದೂ ಹದಿನೆಂಟು ಗಂಟೆ ಆಗುತ್ತೆ, ಎಲ್ಲರಿಗಿಂತ ಜಾಸ್ತಿ ನಿಮ್ಮದೇ." ಇಲ್ಲಿ ಮಾತ್ರ ಗಂಟೆಯನ್ನು ಜೋರಾಗಿ ಹೇಳಿ. ಅವರ ಗಂಟೆಯನ್ನು ಇದುವರೆಗೆ ಯಾರೂ ಎಣಿಸಿರುವುದಿಲ್ಲ.

ಕಳಿಸುವ ರೀತಿಯಲ್ಲೂ ಎಡವಟ್ಟಾಗುತ್ತದೆ. ಒಂದನ್ನು ಬರೆದು ಎಲ್ಲರಿಗೂ ಫಾರ್ವರ್ಡ್ ಮಾಡಿದರೆ ಎಲ್ಲರಿಗೂ ಒಂದೇ ಕಳಿಸಿದ್ದೀರಿ ಅಂತ ಗೊತ್ತಾಗುತ್ತದೆ, ಅಲ್ಲಿಗೆ ಮುಗಿಯಿತು. ಬ್ರಾಡ್‌ಕಾಸ್ಟ್ ಲಿಸ್ಟ್ ಹಾಕಿದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಉಳಿದವರಿಗೆ ಬರುವುದೇ ಇಲ್ಲ, ಹುಡುಕಿ ನೋಡದಿದ್ದರೆ ಅದು ನಿಮಗೆ ಗೊತ್ತೂ ಆಗುವುದಿಲ್ಲ. ಒಂದೊಂದಾಗಿ ಬರೆದರೆ ಒಂದಕ್ಕೆ ನಾಲ್ಕು ನಿಮಿಷ, 31ಕ್ಕೆ ಸುಮಾರು ಎರಡು ಗಂಟೆ. ಮೂರು ಜನ ಹಂಚಿಕೊಳ್ಳಿ, ಯಾರ ಜೊತೆ ಯಾರು ದುಡಿದರೋ ಅವರೇ ಬರೆಯಲಿ. ಕಳಿಸುವ ಮೊದಲು ಹೆಸರು ಮತ್ತು ಕೆಲಸವನ್ನು ಇನ್ನೊಬ್ಬರು ಒಮ್ಮೆ ನೋಡಲಿ. ಒಬ್ಬರ ಕೆಲಸ ಇನ್ನೊಬ್ಬರ ಹೆಸರಿಗೆ ಹೋದರೆ ಎರಡು ಮನೆ ಕೆಡುತ್ತದೆ.

ಅದೇ ಸಂದೇಶದಲ್ಲಿ ಮುಂದಿನ ಶಿಬಿರಕ್ಕೆ ಬನ್ನಿ ಅಂತ ಕರೆಯಬೇಡಿ, ಚಂದಾ ಕೇಳಬೇಡಿ, ಅಭಿಪ್ರಾಯ ತುಂಬಿಕೊಡಿ ಅಂತ ಲಿಂಕೂ ಹಾಕಬೇಡಿ. ಅದಕ್ಕೆ ಇನ್ನೊಂದು ದಿನ ಇದೆ.

ಯಾರಾದರೂ "ನನ್ನದು 13 ಅಲ್ಲ, 15" ಅಂದರೆ ವಾದ ಮಾಡಬೇಡಿ. ಯಾವ ಹೊತ್ತು ಬಿಟ್ಟುಹೋಗಿದೆ ಅಂತ ಕೇಳಿ. ಸರಿ ಇದ್ದರೆ ಶೀಟು, ಕಾಲೇಜಿನ ಪತ್ರ ಎರಡರಲ್ಲೂ ತಿದ್ದಿ. ಇಷ್ಟೆಲ್ಲ ಮಾಡಿದ ಮೇಲೂ ಒಂದು ಹೆಸರು ಬಿಟ್ಟುಹೋಗಿರುತ್ತದೆ, ನನಗಂತೂ ಪ್ರತಿ ಸಲ ಬಿಟ್ಟುಹೋಗಿದೆ. ಒಮ್ಮೆ ಎರಡು ದಿನವೂ ಬೋರ್‌ವೆಲ್ಲಿನಿಂದ ನೀರಿನ ಕ್ಯಾನು ಹೊತ್ತು ತಂದ ಹೈಸ್ಕೂಲು ಹುಡುಗನೊಬ್ಬ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವನು ಸ್ವಯಂಸೇವಕ ಅಂತ ನಾವ್ಯಾರೂ ಅಂದುಕೊಂಡಿರಲೇ ಇಲ್ಲ. ಹಾಗಾದಾಗ ಫೋನ್ ಮಾಡಬೇಡಿ, ತಡವಾಗಿ ಸಂದೇಶ ಹಾಕಿ ಕ್ಷಮೆ ಕೇಳುವುದೂ ಬೇಡ. ಸಂಜೆ ಹಾಲು ಹಾಕಿ ಬರುವ ಹೊತ್ತಿಗೆ ಅವನ ಮನೆಗೆ ಹೋಗಿ, ಅವರ ಅಪ್ಪ ಅಮ್ಮ ಇದ್ದಾಗ, ಎಷ್ಟು ಕ್ಯಾನು ತಂದ ಅಂತ ಅವನ ಬಾಯಲ್ಲೇ ಹೇಳಿಸಿ.